ಹದಿನಾಲ್ಕನೇ ಮೆಷಿನ್ನು, ನನ್ನ ಡಬ್ಬಿ

ನನಗೆ ಕೋಪ ಮೂಗಿನ ತುದೀಲಿ. ಇದನ್ನ ಮೊದಲೇ ಹೇಳಿಬಿಡೋದು ವಾಸಿ. ಇಲ್ಲದಿದ್ದರೆ ಪೂರ್ತಿ ಕೇಳಿದ ಮೇಲೆ ‘ಈಯಮ್ಮ ಒಂಟಿಯಾಗಿ ಉಳಿದದ್ದರಲ್ಲಿ ಆಶ್ಚರ್ಯ ಏನಿದೆ’ ಅಂತ ಯಾರಾದರೂ ಅಂದೇ ಅಂತಾರೆ. ಅನ್ನಲಿ ಬಿಡಿ. ನಮ್ಮವ್ವನೂ ಅಂತಿದ್ಲು, “ಬಾಯೊಂದ್ ಇಲ್ದಿದ್ರೆ ನಿನ್ನ ನಾಯಿ ಎಳ್ಕಂಡೋಗ್ತಿತ್ತು ಕಣೇ.” ಆ ಬಾಯಿಯಿಂದಲೇ ನಾನು ಓದಿದ್ದು, ಕೆಲಸ ಹಿಡಿದದ್ದು, ಮೂರು ವರ್ಷಕ್ಕೆ ಮದುವೆ ಸಾಕು ಅಂತ ಎದ್ದು ಬಂದದ್ದು. ಈಗ ಮಧುಗಿರಿಯಲ್ಲಿ ಒಂದು ಬಾಡಿಗೆ ಮನೆ, ಒಂದು ಕುಕ್ಕರು, ಒಂದು ತಟ್ಟೆ. ಬೆಳಿಗ್ಗೆ ಎಂಟರ ಬಸ್ಸು ಹತ್ತಿ ಪಾವಗಡದ ದಿಕ್ಕಿಗೆ ಮುಕ್ಕಾಲು ಗಂಟೆ ಹೋದರೆ ನಮ್ಮ ಡಿಪ್ಲೊಮಾ ಕಾಲೇಜು. ಅಲ್ಲಿನ ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್ ನಾನು. ಪಾಠ ಮಾಡೋರು ಬೇರೆ, ನನ್ನದು ಮೆಷಿನ್‌ಗಳ ಯೋಗಕ್ಷೇಮ.

ಇಪ್ಪತ್ತು ಮೆಷಿನ್ನು. ಎಲ್ಲದಕ್ಕೂ ಬಿಳಿ ಬಣ್ಣದಲ್ಲಿ ನಂಬರು ಬರೆದವಳು ನಾನೇ. ಲ್ಯಾಬಿನ ಬೀಗದ ಕೈ ಆರು ವರ್ಷದಿಂದ ನನ್ನ ಸೊಂಟದಲ್ಲೇ ಇದೆ. ಮಧ್ಯಾಹ್ನ ಒಂದು ಗಂಟೆಗೆ ಮಕ್ಕಳು ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು, ನನ್ನ ಟೇಬಲ್ಲಿನ ಮೇಲೆ ಪೇಪರು ಹಾಸಿ, ಡಬ್ಬಿ ತೆಗೆದು ಊಟ ಮಾಡ್ತೀನಿ. ‘ಯಾಕೆ ಮೇಡಂ ಇಲ್ಲೇ?’ ಅಂತ ಯಾರಾದರೂ ಕೇಳಿದರೆ, ‘ಮೆಷಿನ್ ಬಿಟ್ಟು ಹೋಗೋಕಾಗುತ್ತಾ? ಕರೆಂಟು ಯಾವಾಗ ಹೋಗುತ್ತೋ ಏನೋ’ ಅಂತಿದ್ದೆ. ಹೇಳಿ ಹೇಳಿ ಅದು ನನಗೇ ನಿಜ ಅನ್ನಿಸಿಬಿಟ್ಟಿತ್ತು.

ನಿಜ ಬೇರೆ ಇದೆ. ಕೆಲಸಕ್ಕೆ ಸೇರಿದ ಮೊದಲ ದಿನ ನಾನೂ ಸ್ಟಾಫ್ ರೂಮಿಗೇ ಹೋಗಿದ್ದೆ. ಅಲ್ಲಿ ಉದ್ದನೆಯ ಟೇಬಲ್ಲಿನ ಸುತ್ತ ಎಲ್ಲರೂ ಡಬ್ಬಿ ಬಿಚ್ಚಿ, ಇವರ ಪಲ್ಯ ಅವರು, ಅವರ ಚಟ್ನಿ ಇವರು ಹಂಚಿಕೊಂಡು ತಿನ್ನೋದು ಪದ್ಧತಿ. ಹೊಸ ಜಾಗ, ಒಳ್ಳೆಯದಾಗಲಿ ಅಂತ ನಾನು ಬೆಳಿಗ್ಗೆ ಐದಕ್ಕೆ ಎದ್ದು, ಹುಚ್ಚೆಳ್ಳು ಹುರಿದು ಕುಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿಕೊಂಡು ಹೋಗಿದ್ದೆ. ಐದು ಕಾಯಿ ಜಾಸ್ತಿಯೇ ಹಾಕಿದ್ದೆ. ಕೂತ ತಕ್ಷಣ ಗಣಿತದ ಮೇಡಂ, ಅಲ್ಲಿಗೆಲ್ಲ ಹಿರಿಯರು, ನಗುನಗುತ್ತಾ ಕೇಳಿದರು: “ಯಾವೂರಮ್ಮಾ ನಿಮ್ಮದು?”

“ಸಿರಾ ತಾಲ್ಲೂಕು ಮೇಡಂ. ಗೌಡಗೆರೆ ಹತ್ರ.”

“ಓ, ಗೌಡಗೆರೆನಾ! ಮನೆದೇವ್ರು ಯಾವ್ದು?”

ನಮ್ಮ ಕಡೆ ಆ ಪ್ರಶ್ನೆ ಯಾಕೆ ಕೇಳ್ತಾರೆ ಅಂತ ಗೊತ್ತಿಲ್ಲದ ಮಗು ಇಲ್ಲ. ಜಾತಿ ಯಾವುದು ಅಂತ ಬಾಯಿಬಿಟ್ಟು ಕೇಳಿದರೆ ಒರಟುತನ, ಮನೆದೇವರು ಯಾವುದು ಅಂದರೆ ವಿಶ್ವಾಸ. ನಮ್ಮಪ್ಪ ನಾನು ಹುಟ್ಟೋಕೆ ಮುಂಚೆಯೇ ಬೌದ್ಧ ದೀಕ್ಷೆ ತಗೊಂಡಿದ್ದ. ನಮ್ಮ ಮನೆ ಗೋಡೆಯ ಮೇಲೆ ಇದ್ದದ್ದು ಒಂದೇ ಪಟ. “ಬುದ್ಧ” ಅಂದೆ.

“ಒಳ್ಳೇದು ಒಳ್ಳೇದು” ಅಂದರು ಮೇಡಂ. ಎಲ್ಲರ ಚಮಚವೂ ಎಲ್ಲರ ಡಬ್ಬಿಗೂ ಹೋಯ್ತು, ಬಂತು. ನನ್ನ ಎಣ್ಣೆಗಾಯಿಯ ಹತ್ತಿರ ಒಂದೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮೂರನೆಯ ದಿನ ನಾನು ಡಬ್ಬಿ ಎತ್ತಿಕೊಂಡು ಲ್ಯಾಬಿಗೆ ಹೋದೆ. ಯಾರೂ ಹೋಗು ಅಂದಿರಲಿಲ್ಲ, ಬಾ ಅಂತಲೂ ಕರೆಯಲಿಲ್ಲ. ಉಳಿದ ಬದನೆಕಾಯಿಗಳನ್ನ ಮನೆಯಲ್ಲಿ ಬಿಸಿ ಮಾಡಿಕೊಂಡು ತಿನ್ನುವಾಗ ಅತ್ತಿದ್ದೆ. ಅದನ್ನ ಯಾಕೆ ಮುಚ್ಚಿಡಲಿ?

ಅಲ್ಲಿಂದ ಆ ಲ್ಯಾಬೇ ನನಗೆ ಮನೆಯಾಯಿತು. ಮನುಷ್ಯರ ಹತ್ತಿರ ಆಡದ ಮಾತೆಲ್ಲ ಮೆಷಿನ್‌ಗಳ ಹತ್ತಿರ ಆಡ್ತಿದ್ದೆ. ಹದಿನಾಲ್ಕನೇ ನಂಬರಿನದಂತೂ ಶುದ್ಧ ಸೋಮಾರಿ. ಸಂಜೆ ಎಲ್ಲವನ್ನೂ ಆರಿಸದೆ ಹಾಗೇ ನಿದ್ದೆ ಮಾಡಿಸಿ ಹೋಗೋದು ನನ್ನ ಪದ್ಧತಿ. ಬೆಳಿಗ್ಗೆ ಒಂದೊಂದರ ಬಟನ್ ಒತ್ತಿದರೆ ಹತ್ತೊಂಬತ್ತು ಎದ್ದು ಕೂರ್ತಾವೆ, ಹದಿನಾಲ್ಕು ಮಾತ್ರ ಎರಡು ಮೂರು ದಿನಕ್ಕೊಮ್ಮೆ ಕಪ್ಪು ಮುಖ ಮಾಡಿಕೊಂಡು ಬಿದ್ದಿರುತ್ತೆ. “ಏಳೇ ಮುಂಡೇದೇ” ಅಂತ ಬೈದು, ಪವರ್ ಬಟನ್ ಒತ್ತಿ ಹಿಡಿದು, ಪೂರ್ತಿ ಆರಿಸಿ ಮತ್ತೆ ಹೊತ್ತಿಸ್ತಿದ್ದೆ.

ಈ ನಿದ್ದೆ ಮಾಡಿಸುವ ಪದ್ಧತಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಮುಂದಿನ ಕತೆಯೆಲ್ಲ ಅದರ ಮೇಲೇ ನಿಂತಿದೆ. ನಮ್ಮವು ಹಳೇ ಮೆಷಿನ್ನು. ಆರಿಸಿ ಹೊತ್ತಿಸಿದರೆ ಸಿದ್ಧವಾಗೋಕೆ ಐದಾರು ನಿಮಿಷ ತಿಂತಾವೆ. ಮಕ್ಕಳಿಗೆಲ್ಲ ‘ಸ್ಟೂಡೆಂಟ್’ ಅನ್ನೋ ಒಂದೇ ಹೆಸರಿನ ಅಕೌಂಟು. ಪಾಸ್‌ವರ್ಡ್ ನನಗೆ ಮಾತ್ರ ಗೊತ್ತು, ಅವರಿಗೆ ಕೊಟ್ಟರೆ ಬದಲಾಯಿಸಿ ಕೂರ್ತಾರೆ. ಹಾಗಾಗಿ ಕ್ಲಾಸು ಮುಗಿದಾಗ ಮಕ್ಕಳು ಪರದೆಗೆ ಬೀಗ ಹಾಕಿ ಎದ್ದು ಹೋಗೋದು, ಮುಂದಿನ ಕ್ಲಾಸಿಗೆ ನಾನು ಒಂದೊಂದಕ್ಕೂ ಪಾಸ್‌ವರ್ಡ್ ಒತ್ತಿ ತೆಗೆಯೋದು. ಒಳಗೆ ಅದೇ ಹಳೇ ಕೆಲಸ ಹಾಗೇ ನಡೀತಿರುತ್ತೆ. ಕರೆಂಟು ಹೋದರೂ ಯುಪಿಎಸ್ ಹಿಡಿದುಕೊಳ್ಳುತ್ತೆ. ಆರು ವರ್ಷದಲ್ಲಿ ಯಾವ ಮೆಷಿನ್ನಿನಿಂದಲೂ ಯಾರೂ ಲಾಗೌಟ್ ಮಾಡಿ ಪೂರ್ತಿ ಆಚೆ ಬಂದು ಹೊಸದಾಗಿ ಒಳಗೆ ಹೋದದ್ದು ಅಂತ ಇಲ್ಲ. ಸೋಮಾರಿ ಹದಿನಾಲ್ಕನ್ನ ಬಿಟ್ಟು.

ಹೋದ ವರ್ಷ ಹೊಸ ಸಿಲಬಸ್ಸು ಬಂತು. ಐದನೇ ಸೆಮಿಸ್ಟರಿಗೆ ಡಾಕರ್ ಅನ್ನೋ ಪ್ರಾಕ್ಟಿಕಲ್ಲು. ಒಂದು ಪ್ರೋಗ್ರಾಮನ್ನ ಅದಕ್ಕೆ ಬೇಕಾದ ಉಪ್ಪು ಖಾರ ಎಲ್ಲ ಸೇರಿಸಿ ಒಂದು ಡಬ್ಬಿಗೆ ಹಾಕಿ ಮುಚ್ಚಿಟ್ಟರೆ, ಯಾವ ಮೆಷಿನ್ನಿನಲ್ಲಿ ತೆಗೆದರೂ ಹಾಗೇ ನಡೆಯುತ್ತೆ, ಅದೇ ಡಾಕರು. ಪಾಠ ಮಾಡೋಕೆ ಪಾವಗಡದ ಕಡೆಯವರೊಬ್ಬರು ಲೆಕ್ಚರರ್ ಬಂದಿದ್ದರು. ವಯಸ್ಸು ಮೂವತ್ತರ ಆಜುಬಾಜು, ಕನ್ನಡದ ಮಧ್ಯೆ ತೆಲುಗು ತಾನಾಗೇ ಉದುರುತ್ತೆ. ಬೋರ್ಡಿನ ಮೇಲೆ ಚಂದ ಚಿತ್ರ ಬರೀತಾರೆ, ಕೀಬೋರ್ಡು ಮುಟ್ಟೋಕೆ ಮಾತ್ರ ಸಂಕೋಚ. “ಲ್ಯಾಬ್ ಯಾವಾಗ ರೆಡಿ ಮಾಡ್ತೀರಾ ಮೇಡಂ?” ಅಂತ ಎರಡು ಸಲ ಕೇಳಿದರು. ಎರಡನೇ ಸಲ ನಾನು, “ನೀವು ಪಾಠ ಮುಗ್ಸಿ ಸಾರ್, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕೆ?” ಅಂದೆ. ಮಕ್ಕಳ ಮುಂದೆ ಅಂದೆ. ಅನ್ನಬಾರದಿತ್ತು.

ಪರೀಕ್ಷೆ ಗುರುವಾರ ಅಂತ ಗೊತ್ತಾಯಿತು, ಹೊರಗಿನಿಂದ ಎಕ್ಸಾಮಿನರ್ ಬರ್ತಾರೆ. ಸೋಮವಾರ ಪ್ರಿನ್ಸಿಪಾಲರು ಕರೆಸಿದರು. ಲೆಕ್ಚರರು ಆಗಲೇ ಅಲ್ಲಿ ಕೂತಿದ್ದರು.

“ನೋಡಮ್ಮಾ,” ಅಂದರು ಪ್ರಿನ್ಸಿಪಾಲರು, “ಲ್ಯಾಬ್ ಇನ್ನೂ ಸಿದ್ಧ ಇಲ್ವಂತೆ. ಬುಧವಾರ ಮಧ್ಯಾಹ್ನದೊಳಗೆ ಇಪ್ಪತ್ತು ಮೆಷಿನ್ನಲ್ಲೂ ಡಾಕರ್ ನಡೀಬೇಕು. ಆಗದೇ ಇದ್ರೆ ಲ್ಯಾಬ್ ಚಾರ್ಜ್ ಇವರಿಗೆ ಕೊಟ್ಬಿಡ್ತೀನಿ, ಇವ್ರು ಹೊರಗಿಂದ ಯಾರನ್ನಾದ್ರೂ ಕರೆಸಿ ಮಾಡಿಸ್ತಾರಂತೆ. ನೀವು ಅಡ್ಮಿಷನ್ ಕೆಲಸ ನೋಡ್ಕೊಳ್ಳಿ. ಬೇಜಾರು ಬೇಡ, ಸ್ಟಾಫ್ ರೂಮಲ್ಲೇ ನಿಮಗೂ ಒಂದು ಟೇಬಲ್ ಹಾಕಿಸ್ತೀನಿ.”

ಸ್ಟಾಫ್ ರೂಮಲ್ಲಿ ಟೇಬಲ್ಲು! ಅವರು ಒಳ್ಳೆಯ ಮನಸ್ಸಿಂದಲೇ ಅಂದದ್ದು. ಚಾರ್ಜು ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ದಿನಾ ಒಂದು ಗಂಟೆಗೆ ನನ್ನ ಡಬ್ಬಿಯನ್ನ ಎಲ್ಲಿ ಬಿಚ್ಚಲಿ? ಅವರೆಲ್ಲ ಹಂಚಿಕೊಂಡು ತಿನ್ನುವ ಕೋಣೆಯಲ್ಲಿ, ಗೋಡೆಗೆ ಮುಖ ಮಾಡಿಕೊಂಡಾ? ಬಸ್ ಸ್ಟ್ಯಾಂಡಿನಲ್ಲಾ? ಹೇಳಿದರೆ ಯಾರಾದರೂ ನಗ್ತಾರೆ, ಆದರೆ ನಾನು ಆ ಮೂರು ದಿನ ಒದ್ದಾಡಿದ್ದು ಡಬ್ಬಿ ಬಿಚ್ಚೋಕೆ ಒಂದು ಮೂಲೆ ಉಳಿಸಿಕೊಳ್ಳೋಕೆ.

ಮಂಗಳವಾರ ಬೆಳಿಗ್ಗೆ ಶುರು ಹಚ್ಚಿದೆ. ನಮ್ಮ ಮೆಷಿನ್ನುಗಳಲ್ಲಿರೋದು ಉಬುಂಟು ಲಿನಕ್ಸು. ಡಾಕರ್ ಹಾಕೋದು ಕಷ್ಟವಾಗಲಿಲ್ಲ. ಕಾಲೇಜಿನ ನೆಟ್ಟು ಆಮೆ ನಡಿಗೆ, ಅದಕ್ಕೇ ಪರೀಕ್ಷೆಗೆ ಬೇಕಾದ ಇಮೇಜುಗಳನ್ನ, ಅಂದರೆ ಆ ಡಬ್ಬಿಗಳ ಅಚ್ಚುಗಳನ್ನ, ಒಂದು ಮೆಷಿನ್ನಿಗೆ ಇಳಿಸಿ, ಪೆನ್‌ಡ್ರೈವಲ್ಲಿ ಹೊತ್ತು ಇಪ್ಪತ್ತಕ್ಕೂ ಹಾಕಿದೆ. ಸ್ಟೂಡೆಂಟನ್ನ ಒಳಗೆ ಹಾಗೇ ಬಿಟ್ಟು, ಪಕ್ಕದಲ್ಲೇ ನನ್ನ ಅಕೌಂಟು ತೆರೆದು, ಯಜಮಾನಿಕೆಯ ಅಧಿಕಾರ ಸೇರಿಸಿ ಕಮಾಂಡ್ ಕೊಟ್ಟೆ. ಸಲೀಸಾಗಿ ಓಡಿತು. “ಅಷ್ಟೇನಾ! ಇದಕ್ಕೆ ಇಷ್ಟು ರಂಪ ಮಾಡಿದ್ರಾ?” ಅಂತ ಖಾಲಿ ಲ್ಯಾಬಿಗೆ ಕೇಳಿಸುವ ಹಾಗೆ ಅಂದೆ.

ಆಮೇಲೆ ಒಂದನೇ ಮೆಷಿನ್ನಿನಲ್ಲಿ ಸ್ಟೂಡೆಂಟ್ ಅಕೌಂಟಿನಿಂದ ಅದೇ ಕಮಾಂಡ್ ಕೊಟ್ಟೆ. ಪರ್ಮಿಷನ್ ಡಿನೈಡ್. ಡಾಕರ್ ಡೀಮನ್ನಿನ ಸಾಕೆಟ್ಟಿಗೆ ಹೋಗೋಕೆ ಅನುಮತಿ ಇಲ್ಲ. ಎರಡನೇದು, ಮೂರನೇದು, ಎಲ್ಲ ಕಡೆಯೂ ಅದೇ ಸಾಲು.

ಇದೇನು ಅಂತ ಹೇಳ್ತೀನಿ, ಕಷ್ಟ ಏನಿಲ್ಲ. ಡಾಕರಿನ ನಿಜವಾದ ಕೆಲಸಗಾರ ಹಿಂದೆ ಕಾಣದ ಹಾಗೆ ಕೂತಿರ್ತಾನೆ, ಅವನಿಗೇ ಡೀಮನ್ ಅನ್ನೋದು. ನಾವು ಕೊಡುವ ಕಮಾಂಡು ಅವನಿಗೆ ಮುಟ್ಟೋಕೆ ಒಂದು ಕಿಟಕಿ ಇದೆ, ಅದೇ ಸಾಕೆಟ್ಟು. ಆ ಕಿಟಕಿಗೆ ಕೈ ಹಾಕೋಕೆ ಮೆಷಿನ್ನಿನ ಯಜಮಾನನಾದ ರೂಟ್‌ಗೆ ಅಧಿಕಾರ, ಇಲ್ಲವೇ ‘ಡಾಕರ್’ ಅನ್ನೋ ಗುಂಪಿನಲ್ಲಿ ಹೆಸರಿದ್ದವರಿಗೆ. ಬಾಕಿಯವರು ಆಚೆ. ಡಾಕರ್ ಇದೆ, ನಡೀತಾ ಇದೆ, ಮಕ್ಕಳಿಗೆ ಸಿಗಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಥೇಟ್ ಅದೇ. ಹಂಗಂತ ಮಕ್ಕಳಿಗೆ ಯಜಮಾನಿಕೆ ಕೊಡೋಕೆ ಆಗುತ್ತಾ? ಅರ್ಧ ಗಂಟೆಯಲ್ಲಿ ಲ್ಯಾಬನ್ನ ಮುಗಿಸಿ ಕೈಗೆ ಕೊಡ್ತಾರೆ.

ದಾರಿ ಗೊತ್ತಿತ್ತು. ಸ್ಟೂಡೆಂಟ್ ಅನ್ನೋ ಹೆಸರನ್ನ ಡಾಕರ್ ಗುಂಪಿಗೆ ಸೇರಿಸಬೇಕು. ಅದೂ ಸಣ್ಣ ಅಧಿಕಾರ ಏನಲ್ಲ, ಆ ಗುಂಪಿಗೆ ಸೇರಿದವನು ಮನಸ್ಸು ಮಾಡಿದರೆ ಇಡೀ ಮೆಷಿನ್ನನ್ನೇ ಆಳಬಹುದು. ಆದರೂ ಪರೀಕ್ಷೆಗೆ ಬೇರೆ ದಾರಿ ಇಲ್ಲ, ಮುಗಿದ ಮೇಲೆ ತೆಗೆದರಾಯ್ತು ಅಂದುಕೊಂಡೆ. ಒಂದೊಂದು ಮೆಷಿನ್ನಿಗೂ usermod -aG docker student ಅಂತ ಕೊಟ್ಟು, ಸೇರಿತೋ ಇಲ್ಲವೋ ಅಂತ ಪಟ್ಟಿ ತೆಗೆದು ನೋಡಿದೆ. ಇಪ್ಪತ್ತರಲ್ಲೂ ಹೆಸರು ಕೂತಿತ್ತು. ಹೆಸರು ಸೇರಿಸಿದ ಮೇಲೆ ಆಚೆ ಹೋಗಿ ಒಳಗೆ ಬನ್ನಿ ಅಂತಲೂ ಡಾಕರಿನ ಪುಸ್ತಕದಲ್ಲಿ ಬರೆದಿತ್ತು. ಅದನ್ನೂ ಮಾಡಿದೆ. ಅಂದರೆ, ನಮ್ಮ ಲ್ಯಾಬಿನಲ್ಲಿ ಆರು ವರ್ಷದಿಂದ ಮಾಡ್ತಾ ಬಂದ ಹಾಗೆ ಪರದೆಗೆ ಬೀಗ ಹಾಕಿ, ಪಾಸ್‌ವರ್ಡ್ ಒತ್ತಿ ತೆಗೆದೆ. ಇಪ್ಪತ್ತಕ್ಕೂ.

ಪರ್ಮಿಷನ್ ಡಿನೈಡ್.

ಕಮಾಂಡ್ ಕೊಡುವ ಟರ್ಮಿನಲ್ಲನ್ನ ಮುಚ್ಚಿ ಹೊಸದು ತೆರೆದೆ. ಡಿನೈಡ್. ಹೆಸರು ತೆಗೆದು ಮತ್ತೆ ಸೇರಿಸಿದೆ. ಡಿನೈಡ್. ನನಗೆ ಸಿಟ್ಟು ನೆತ್ತಿಗೇರಿತು. “ಅಯ್ಯೋ ನಿನ್ನ ಮನೆ ಹಾಳಾಗ! ಹೆಸರಿದೆಯಲ್ಲೋ, ಕಣ್ಣು ಕಾಣಲ್ವಾ? ಇನ್ನೇನು ತಾಂಬೂಲ ಕೊಟ್ಟು ಕರೀಬೇಕಾ?” ಅಂತ ಏಳನೇ ಮೆಷಿನ್ನಿನ ಮುಂದೆ ನಿಂತು ಕೂಗಿದೆ. ಕಾರಿಡಾರಿನಲ್ಲಿ ಹೋಗ್ತಿದ್ದವರು ಯಾರೋ ನಿಂತು, ನೋಡಿ, ಹೋದರು.

ಯಾರನ್ನಾದರೂ ಕೇಳೋಣ ಅಂತ ಫೋನ್ ತೆಗೆದೆ. ಹೆಸರುಗಳನ್ನ ಮೇಲಿಂದ ಕೆಳಗೆ ಉರುಳಿಸಿದೆ. ಗ್ಯಾಸಿನವರು, ಮನೆ ಓನರು, ಹಾಲಿನವರು. ಓದುವಾಗ ಜೊತೆಗಿದ್ದ ಗೆಳತಿಯೊಬ್ಬಳು ತೋವಿನಕೆರೆಯಲ್ಲಿ ಮೇಡಂ ಆಗಿದ್ದಾಳೆ. ಅವಳಿಗೆ ಮಾಡಿದೆ. ರಿಂಗಾಯ್ತು, ಎತ್ತಲಿಲ್ಲ. ಯಾಕೆ ಎತ್ತಬೇಕು? ಅವಳ ಮಗಳ ನಾಮಕರಣಕ್ಕೆ ನಾನು ಹೋಗಿರಲಿಲ್ಲ. ಆ ಮಗು ಈಗ ಸ್ಕೂಲಿಗೆ ಹೋಗುತ್ತೆ. ಸಂಜೆ ಮೆಷಿನ್ನುಗಳನ್ನ ಎಂದಿನಂತೆ ನಿದ್ದೆ ಮಾಡಿಸಿ ಬೀಗ ಹಾಕಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ನಾಳೆ ಈ ಹೊತ್ತಿಗೆ ಬೀಗದ ಕೈ ನನ್ನ ಹತ್ತಿರ ಇರಲ್ಲ ಅಂದುಕೊಂಡೆ. ಮಧುಗಿರಿ ಬೆಟ್ಟ ಕಾಣುವ ತನಕ ಕಣ್ಣು ಒರೆಸಿಕೊಳ್ತಾನೇ ಇದ್ದೆ.

ಬುಧವಾರ ಬೇಗ ಬಂದೆ. ಬಟನ್ ಒತ್ತಿದೆ, ಹತ್ತೊಂಬತ್ತು ಎದ್ದವು. ಹದಿನಾಲ್ಕು ಕಪ್ಪಗೆ ಬಿದ್ದಿತ್ತು. ಅವತ್ತು ಬೈಯೋಕೂ ತ್ರಾಣ ಇರಲಿಲ್ಲ. ಸುಮ್ಮನೆ ಆರಿಸಿ ಹೊತ್ತಿಸಿ ಬಂದೆ.

ಹತ್ತೂವರೆಗೆ ಲೆಕ್ಚರರು ಒಳಗೆ ಬಂದರು, ಕೈಯಲ್ಲಿ ಫೋನು. “ಏಮಂಡೀ ಮೇಡಂ, ಇಂಕಾ ಆಗ್ಲಿಲ್ವಾ? ವಿಡಿಯೋದಲ್ಲಿ ಒಬ್ಬ ಹೇಳ್ತಾವ್ನೆ ಚೂಡಂಡಿ, ನೋಡಿ. ಆ ಸಾಕೆಟ್ ಫೈಲಿಗೆ ಆರು ಆರು ಆರು ಅಂತ ಪರ್ಮಿಷನ್ ಕೊಟ್ಬಿಡಿ, ಎಲ್ರಿಗೂ ಓಪನ್. ಒಂದ್ ನಿಮಿಷದ ಕೆಲ್ಸ.”

ಅವರು ಹೇಳಿದ್ದು ಸುಳ್ಳಲ್ಲ. ಹಾಗೆ ಮಾಡಿದರೆ ಆ ಗಳಿಗೆಗೆ ನಡೆಯುತ್ತೆ. ಒಂದು ನಿಮಿಷ ನನ್ನ ಕೈಯೂ ಕೀಬೋರ್ಡಿನ ಮೇಲೆ ಹೋಯಿತು. ಬೀಗದ ಕೈ ಉಳಿಯುತ್ತಿತ್ತು. ಆದರೆ ಡೀಮನ್ ಕೂತಿರೋದು ರೂಟ್‌ನ ಅಧಿಕಾರದಲ್ಲಿ. ಕಿಟಕಿಯನ್ನ ಊರಿಗೆಲ್ಲ ತೆರೆದಿಟ್ಟರೆ, ಆ ಮೆಷಿನ್ನಿನಲ್ಲಿ ಓಡುವ ಯಾವ ಹಾದಿಹೋಕ ಪ್ರೋಗ್ರಾಮೂ ಒಳಗೆ ಕೈ ಹಾಕಬಹುದು. ಮೆಷಿನ್ ಆರಿಸಿ ಹೊತ್ತಿಸಿದರೆ ಹೊಸ ಸಾಕೆಟ್ಟು ಹುಟ್ಟಿ ಮತ್ತೆ ಮೊದಲಿನ ಹಾಗೇ ಮುಚ್ಚಿಕೊಳ್ಳುತ್ತೆ, ಪರೀಕ್ಷೆಯ ಮಧ್ಯೆ ಹಾಗಾದರೆ ಯಾರನ್ನ ಕೇಳೋದು? ಆರು ವರ್ಷ ಇದೇ ಲ್ಯಾಬಿನಲ್ಲಿ ನಿಂತು ‘ಎಲ್ರಿಗೂ ಎಲ್ಲಾನೂ ತೆರೆದಿಡಬೇಡ್ರೋ’ ಅಂತ ಮಕ್ಕಳಿಗೆ ಬೈದವಳು ನಾನು.

“ಬಾಗಿಲು ತೆಗೀರಿ ಅಂದ್ರೆ ಗೋಡೆ ಒಡೀರಿ ಅಂತೀರಲ್ಲ ಸಾರ್. ನನ್ನ ಕೈಲಿ ಬೀಗ ಇರೋವರ್ಗೂ ಅದಾಗಲ್ಲ.”

“ಮಧ್ಯಾಹ್ನದವರ್ಗೂ ತಾನೇ” ಅಂದರು ಅವರು. ವ್ಯಂಗ್ಯಕ್ಕಲ್ಲ, ಬೇಜಾರಲ್ಲೇ ಅಂದದ್ದು. ಹೋದರು.

ಉಳಿದದ್ದು ಎರಡೂವರೆ ಗಂಟೆ. ನಾನು ಒಂದನೇ ಮೆಷಿನ್ನಿನಿಂದ ಮತ್ತೆ ಶುರು ಮಾಡಿದೆ. ಇಂಥ ಹೊತ್ತಲ್ಲಿ ಬುದ್ಧಿ ಓಡಲ್ಲ, ಕೈ ಮಾತ್ರ ಓಡುತ್ತೆ. ಒಂದು, ಡಿನೈಡ್. ಎರಡು, ಡಿನೈಡ್. ಹನ್ನೆರಡು, ಹದಿಮೂರು. ಹದಿನಾಲ್ಕು.

ಹದಿನಾಲ್ಕರಲ್ಲಿ ಆ ಸಾಲು ಬರಲಿಲ್ಲ. ಡಾಕರ್ ಮರ್ಯಾದೆಯಾಗಿ ಉತ್ತರ ಕೊಟ್ಟು ಕೂತಿತ್ತು. ನಾನು ಕುರ್ಚಿ ಎಳೆದುಕೊಂಡು ಕೂತೆ. ಮತ್ತೆ ಕೊಟ್ಟೆ, ಮತ್ತೆ ನಡೆಯಿತು. ಹದಿನೈದಕ್ಕೆ ಹೋಗಿ ಕೊಟ್ಟೆ. ಡಿನೈಡ್!

ಹತ್ತೊಂಬತ್ತು ಒಳ್ಳೆಯ ಮಕ್ಕಳನ್ನ ಆಚೆ ನಿಲ್ಲಿಸಿ, ಈ ಕೆಲಸಗೇಡಿಯನ್ನ ಮಾತ್ರ ಒಳಗೆ ಬಿಟ್ಟಿದೆಯಲ್ಲ, ಇದರಲ್ಲಿ ನಾನೇನು ಬೇರೆ ಮಾಡಿದ್ದೆ? ಪಟ್ಟಿ ತೆಗೆದು ನೋಡಿದೆ, ಅದೇ. ಸಾಕೆಟ್ಟಿನ ಅಧಿಕಾರ ನೋಡಿದೆ, ಅದೇ. ಕೊನೆಗೆ ಹದಿನೈದರಲ್ಲಿ ಕೂತು id student ಅಂತ ಕೊಟ್ಟೆ. ಸ್ಟೂಡೆಂಟ್ ಅನ್ನೋನು ಯಾವ ಯಾವ ಗುಂಪಿನಲ್ಲಿದ್ದಾನೆ ಅಂತ ಕೇಳುವ ಕಮಾಂಡು. ಉತ್ತರದಲ್ಲಿ ಡಾಕರ್ ಇತ್ತು. ಆಮೇಲೆ ಹೆಸರು ಹಾಕದೆ ಬರೀ id ಅಂತ ಕೊಟ್ಟೆ. ಅಂದರೆ, ಈಗ ಇಲ್ಲಿ ಕೂತಿರೋ ನಾನು ಯಾರು ಅಂತ ಕೇಳಿದ ಹಾಗೆ. ಆ ಉತ್ತರದಲ್ಲಿ ಡಾಕರ್ ಇರಲಿಲ್ಲ.

ಒಬ್ಬನೇ ಮನುಷ್ಯ, ಎರಡು ಉತ್ತರ. ಪಟ್ಟಿಯಲ್ಲಿ ಇದ್ದಾನೆ, ಕೂತ ಜಾಗದಲ್ಲಿ ಇಲ್ಲ. ಹದಿನಾಲ್ಕಕ್ಕೆ ಓಡಿ ಹೋಗಿ ಅದನ್ನೇ ಕೇಳಿದೆ. ಎರಡರಲ್ಲೂ ಇತ್ತು. ಅಷ್ಟು ಹೊತ್ತಿಗೆ ನನ್ನ ಮಂಡೆಗೆ ಹೊಳೆಯಿತು. ಯಾರು ಯಾವ ಗುಂಪಿನವರು ಅಂತ ಮೆಷಿನ್ನು ನೋಡೋದು ಒಂದೇ ಒಂದು ಸಲ, ಒಳಗೆ ಬರುವಾಗ. ಒಳಗೆ ಬಂದು ಕೂತ ಮೇಲೆ ಪಟ್ಟಿಯಲ್ಲಿ ನೂರು ಸಲ ಹೆಸರು ಬರೆದರೂ ಅದು ತಿರುಗಿ ನೋಡಲ್ಲ. ಪರದೆಗೆ ಬೀಗ ಹಾಕಿ ತೆಗೆದರೆ ಅದು ಆಚೆ ಹೋದ ಹಾಗಲ್ಲ, ಕೂತಲ್ಲೇ ಕಣ್ಣು ಮುಚ್ಚಿ ತೆಗೆದ ಹಾಗೆ. ನಿದ್ದೆ ಮಾಡಿಸಿ ಎಬ್ಬಿಸಿದರೂ ಅದೇ ಕತೆ. ಹದಿನಾಲ್ಕು ಮಾತ್ರ ಬೆಳಿಗ್ಗೆ ಏಳದೆ ಸತ್ತು ಹುಟ್ಟಿತ್ತು. ಪೂರ್ತಿ ಆಚೆ ಹೋಗಿ ಹೊಸದಾಗಿ ಒಳಗೆ ಬಂದಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ನಾನು ಊರೆಲ್ಲ ಹುಡುಕಿದ್ದೆ, ಅದೂ ನಾನೇ ಹಾಕಿದ ಪದ್ಧತಿಯಿಂದ.

ಹತ್ತೊಂಬತ್ತನ್ನೂ ಆರಿಸಿ ಹೊತ್ತಿಸಿದೆ. ಫ್ಯಾನುಗಳು ಒಂದರ ಹಿಂದೆ ಒಂದು ಗುಂಯ್ ಅಂದವು. ಪಾಸ್‌ವರ್ಡ್ ಒತ್ತುತ್ತಾ ಸಾಲಾಗಿ ಹೋದೆ, ಕಮಾಂಡ್ ಕೊಡ್ತಾ ಸಾಲಾಗಿ ಬಂದೆ. ಒಂದೂ ಇಲ್ಲ ಅನ್ನಲಿಲ್ಲ. ಇಪ್ಪತ್ತನೇದು ಮುಗಿದಾಗ ಹನ್ನೆರಡೂ ಮುಕ್ಕಾಲು. ಹದಿನಾಲ್ಕನೇ ಮಾನಿಟರಿನ ತಲೆ ಸವರಿ, “ನೀನೇ ಕಣೇ ನನ್ನ ಕಾಪಾಡಿದ್ದು” ಅಂದೆ. ಹೇಳಿಕೊಳ್ಳೋಕೆ ಬೇರೆ ಯಾರೂ ಇರಲಿಲ್ಲ.

ಪ್ರಿನ್ಸಿಪಾಲರು ಬಂದು ನೋಡಿದರು. ಮಕ್ಕಳನ್ನ ಕರೆದು ಕೂರಿಸಿ ಮಾಡಿಸಿದರು. “ಭೇಷ್ ಕಣಮ್ಮಾ, ಚಾರ್ಜು ನಿಮ್ಮದೇ” ಅಂದರು. ಗುರುವಾರ ಪರೀಕ್ಷೆ ನಡೆಯಿತು. ಎಕ್ಸಾಮಿನರು ಸಹಿ ಹಾಕಿ, “ಲ್ಯಾಬ್ ಚೆನ್ನಾಗಿಟ್ಟಿದೀರಿ” ಅಂತ ಹೇಳಿ ಹೋದರು. ಅವತ್ತೇ ಸಂಜೆ ಸ್ಟೂಡೆಂಟನ್ನ ಆ ಗುಂಪಿನಿಂದ ತೆಗೆದು, ಈ ಸಲ ಮರೆಯದೆ ಎಲ್ಲ ಮೆಷಿನ್ನನ್ನೂ ಆರಿಸಿದೆ.

ಆರಿಸುತ್ತಾ ಹೋದ ಹಾಗೆ ಮನಸ್ಸಿನಲ್ಲಿ ಒಂದು ಹುಳ ಹೊಕ್ಕಿತು. ನಾನು ಸ್ಟಾಫ್ ರೂಮು ಬಿಟ್ಟು ಆರು ವರ್ಷ. ಅವತ್ತು ಎರಡು ದಿನ ನೋಡಿ, ಇವರು ಇಷ್ಟೇ ಅಂತ ಎದ್ದು ಬಂದವಳು ಒಂದು ದಿನವೂ ತಿರುಗಿ ಹೋಗಿ ನೋಡಿಲ್ಲ. ಅಲ್ಲಿನ ಪಟ್ಟಿ ಈಗ ಬದಲಾಗಿದ್ದರೆ? ನನ್ನ ಹೆಸರು ಯಾವತ್ತೋ ಸೇರಿ, ನಾನೇ ಲ್ಯಾಬಿನಲ್ಲಿ ಕೂತು ಹಳೇ ಸಿಟ್ಟನ್ನ ನಿದ್ದೆ ಮಾಡಿಸಿ ಎಬ್ಬಿಸಿ ಮಾಡ್ತಿದ್ದರೆ? ಒಂದು ಸಲ ಹೊಸದಾಗಿ ಬಾಗಿಲಿಂದ ಒಳಗೆ ಹೋಗಿ ನೋಡಿದರೆ ತಪ್ಪೇನು?

ಶುಕ್ರವಾರ ಐದಕ್ಕೆ ಎದ್ದೆ. ಹುಚ್ಚೆಳ್ಳು ಹುರಿದೆ. ಎಳೇ ಬದನೆಕಾಯಿ ಎಣ್ಣೆಗಾಯಿ, ಐದು ಕಾಯಿ ಜಾಸ್ತಿ. ಒಂದು ಗಂಟೆಗೆ ಲ್ಯಾಬಿಗೆ ಬೀಗ ಹಾಕಿ, ಡಬ್ಬಿ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೆ. ಒಳಗೆ ಕಾಲಿಡೋಕೆ ಮುಂಚೆ ಎರಡು ಸಲ ಸೆರಗು ಸರಿಮಾಡಿಕೊಂಡೆ, ನಲವತ್ತು ದಾಟಿದ ಹೆಂಗಸು.

“ಅರೆ, ಬನ್ನಿ ಬನ್ನಿ ಮೇಡಂ! ಏನ್ ಅಪರೂಪ!” ಅಂದರು ಗಣಿತದ ಮೇಡಂ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಲೆಕ್ಚರರು ಎದ್ದು ಕುರ್ಚಿ ಎಳೆದುಕೊಟ್ಟರು. “ಸಾರಿ ಮೇಡಂ, ನಂಗೂ ಗೊತ್ತಿರ್ಲಿಲ್ಲ ಅದು. ಎಟ್ಲಾ ಮಾಡಿದ್ರಿ ಹೇಳಂಡಿ.” ಹೇಳಿದೆ. ಎರಡು ಸಲ ಹೇಳಿಸಿಕೊಂಡು ಪುಸ್ತಕದಲ್ಲಿ ಬರೆದುಕೊಂಡರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಜವಾಗಿ ಸಂತೋಷವಾಯಿತು.

ಡಬ್ಬಿಗಳು ಬಿಚ್ಚಿದವು. ಚಮಚಗಳು ಅತ್ತಿಂದಿತ್ತ ಹೋದವು, ಬಂದವು. ಗಣಿತದ ಮೇಡಂ ತಮ್ಮ ಡಬ್ಬಿಯಿಂದ ಎರಡು ಚಮಚ ತೆಗೆದು ನನ್ನ ಮುಚ್ಚಳಕ್ಕೆ ಹಾಕಿದರು. “ತಿನ್ನಿ ಮೇಡಂ, ಬೆಳಿಗ್ಗೆ ಮಾಡಿದ್ದು.” ಹಿಂದೆ ಅದೂ ಆಗಿರಲಿಲ್ಲ. ನನಗೆ ಧೈರ್ಯ ಬಂತು. ನನ್ನ ಡಬ್ಬಿಯನ್ನ ಅವರ ಕಡೆ ಸರಿಸಿ, “ನೀವೂ ಒಂದು ತಗೊಳ್ಳಿ ಮೇಡಂ, ಎಣ್ಣೆಗಾಯಿ” ಅಂದೆ.

“ಅಯ್ಯೋ, ಶುಕ್ರವಾರ ನಾನು ಬದ್ನೆಕಾಯಿ ಮುಟ್ಟಲ್ಲ ಕಣಮ್ಮಾ” ಅಂದರು ಮೇಡಂ.

ಲೆಕ್ಚರರ ಕಡೆ ಸರಿಸಿದೆ. ಅವರು ಮೇಡಂ ಮುಖ ಒಂದು ಸಲ ನೋಡಿ, “ನಂಗೆ ಅಸಿಡಿಟಿ ಮೇಡಂ” ಅಂದರು.

ನಾನು ಮುಚ್ಚಳ ನೋಡಿದೆ. ಮೇಡಂ ನನಗೆ ಹಾಕಿದ್ದು ವಾಂಗೀಬಾತು.

ನಾಲಿಗೆಯ ತುದಿಗೆ ಬಂದಿತ್ತು. ಒಂದು ಮಾತು ಸಾಕಿತ್ತು, ಇಡೀ ಟೇಬಲ್ಲು ತಲೆ ತಗ್ಗಿಸುತ್ತಿತ್ತು. ನಾನು ಹುಟ್ಟಿದ ಮೇಲೆ ಮೊದಲನೇ ಸಲ ಬಾಯಿ ಮುಚ್ಚಿಕೊಂಡೆ. ವಾಂಗೀಬಾತಿನ ಬದನೆ ಹೋಳುಗಳನ್ನ ಒಂದೊಂದಾಗಿ ಅಗಿದು ನುಂಗಿದೆ. ಚೆನ್ನಾಗಿತ್ತು, ಉಪ್ಪು ಹದವಾಗಿತ್ತು. ಮೆಷಿನ್ನಾಗಿದ್ದರೆ ಒಂದು ಸಲ ಆಚೆ ಹೋಗಿ ಬಂದದ್ದು ಸಾಕಾಗ್ತಿತ್ತು.

ಶನಿವಾರವೂ ಹೋದೆ. ಸೋಮವಾರವೂ ಹೋದೆ. ಅಷ್ಟು ಒದ್ದಾಡಿ ಉಳಿಸಿಕೊಂಡ ಲ್ಯಾಬಿಗೆ ಈಗ ದಿನಾ ಒಂದು ಗಂಟೆಗೆ ಬೀಗ ಹಾಕಿ ಹೋಗ್ತೀನಿ. ಹೋಗಿ ಕೂತು, ಡಬ್ಬಿ ಬಿಚ್ಚಿ, ಟೇಬಲ್ಲಿನ ನಡುವಿಗೆ ಸರಿಸಿಡ್ತೀನಿ. ಯಾರನ್ನೂ ತಗೊಳ್ಳಿ ಅನ್ನಲ್ಲ. ಬೆಳಿಗ್ಗೆ ಡಬ್ಬಿಗೆ ಹಾಕುವಾಗ ಪಲ್ಯ ಇವತ್ತಿಗೂ ಎರಡು ಸೌಟು ಜಾಸ್ತಿಯೇ ಹಾಕ್ತೀನಿ. ಸಂಜೆ ಮನೆಗೆ ಬಂದು ಅದನ್ನೇ ಬಿಸಿ ಮಾಡಿಕೊಂಡು ತಿಂತೀನಿ.